ಪುಟ ಜೋಡಿಸಿದ ಮೇಲೆಯೇ ಸಾರಾಂಶ: ವಾಟ್ಸಾಪಿನಲ್ಲಿ ಬಂದ ಒಂದು ತೀರ್ಪನ್ನು ಓದಿದ ಬಗೆ

ಚಿಕ್ಕಮ್ಮ ತವರಿನ ಆಸ್ತಿಯಲ್ಲಿ ಪಾಲು ಕೇಳಿ ಹೂಡಿದ್ದ ದಾವೆಯ ತೀರ್ಪು ಬಂತು. ಅವರ ಮಗ ತೀರ್ಪಿನ ನಕಲನ್ನು ಊಟದ ಮೇಜಿನ ಮೇಲಿಟ್ಟು ಫೋಟೋ ತೆಗೆದು, ವಾಟ್ಸಾಪಿನಲ್ಲಿ ನನಗೆ ಕಳಿಸಿದ. ಒಟ್ಟು 26 ಫೋಟೋ. ಕೆಳಗೆ ಒಂದು ಸಾಲು: "ಅಣ್ಣಾ, ಇದರಲ್ಲಿ ಏನಿದೆ ಅಂತ ಅಮ್ಮನಿಗೆ ಅರ್ಥ ಆಗೋ ಹಾಗೆ ಒಂದು ಪುಟದಲ್ಲಿ ಬರ್ಕೊಡ್ತೀಯಾ?"

ಮೊದಲ ಫೋಟೋ ತೆರೆದರೆ ಪುಟ 14. ಎರಡನೆಯದು ಪುಟ 3. ಮೂರನೆಯದರಲ್ಲಿ ಮೇಲಿನ ಅಂಚು ಕತ್ತರಿಸಿ ಹೋಗಿತ್ತು, ಸಂಖ್ಯೆಯೇ ಇಲ್ಲ. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬರುವ ಆಸೆ ಒಂದೇ: ಸುಮ್ನೆ ಬಂದ ಹಾಗೆ ಓದುತ್ತಾ ಹೋಗೋಣ, ಮುಖ್ಯವಾದದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ ಅಂತ. ಕೋರ್ಟಿನ ತೀರ್ಪಿನ ವಿಷಯದಲ್ಲಿ ಇದು ಅಪಾಯದ ದಾರಿ. ಯಾಕೆ ಅಂತ ಹೇಳಿಬಿಟ್ಟು ಆಮೇಲೆ ಜೋಡಿಸುವ ಕೆಲಸಕ್ಕೆ ಬರುತ್ತೇನೆ.

ಸಿವಿಲ್ ದಾವೆಯ ತೀರ್ಪಿಗೆ ಒಂದು ಕಟ್ಟುಪಾಡಿನ ಕ್ರಮ ಇದೆ. ಮೊದಲು ಕೋರ್ಟಿನ ಹೆಸರು, ದಾವೆಯ ಸಂಖ್ಯೆ, ವಾದಿ-ಪ್ರತಿವಾದಿಗಳ ಹೆಸರು. ಆಮೇಲೆ ವಾದಿ ಏನು ಹೇಳುತ್ತಾರೆ, ಪ್ರತಿವಾದಿ ಏನು ಹೇಳುತ್ತಾರೆ. ಅದಾದ ಮೇಲೆ ಕೋರ್ಟು ಉತ್ತರ ಹುಡುಕಬೇಕಾದ ಪ್ರಶ್ನೆಗಳು, ಅಂದರೆ ವಿವಾದಾಂಶಗಳು. ನಂತರ ಯಾರ ಸಾಕ್ಷಿ ಆಯಿತು, ಯಾವ ದಾಖಲೆ ಗುರುತಾಯಿತು. ಆಮೇಲೆ ಒಂದೊಂದು ವಿವಾದಾಂಶಕ್ಕೂ ಕಾರಣ ಸಹಿತ ಉತ್ತರ. ಕೊನೆಗೆ 'ಆದೇಶ' ಎಂಬ ತಲೆಬರಹದ ಕೆಳಗೆ ನಿಜವಾದ ಫಲಿತಾಂಶ. ಅದಾದ ನಂತರ ಸಾಕ್ಷಿಗಳ ಮತ್ತು ದಾಖಲೆಗಳ ಪಟ್ಟಿ.

ಅಂದರೆ ಒಂದೇ ಮಾತು ಮೂರು ಜಾಗದಲ್ಲಿ ಬರಬಹುದು. 4ನೇ ಪುಟದಲ್ಲಿ ಬಂದರೆ ಅದು ಒಬ್ಬರ ವಾದ. 12ನೇ ಪುಟದಲ್ಲಿ ಬಂದರೆ ಸಾಕ್ಷಿ ಹೇಳಿದ ಮಾತು. 18ನೇ ಪುಟದಲ್ಲಿ ಬಂದರೆ ಕೋರ್ಟಿನ ತೀರ್ಮಾನ. ಪುಟ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಮಾತು ಯಾರದ್ದು ಅಂತಲೂ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಬರೆದ ತೀರ್ಪಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ನಮ್ಮ ಭಾಷೆಯಲ್ಲಿ ಯಾರು ಹೇಳಿದರು ಅನ್ನುವುದು ಅನೇಕ ಸಲ ಮಾತು ಮುಗಿದ ಮೇಲೆ ಬರುತ್ತದೆ. ಪಾಲು ಕೇಳಿದ ಒಂದೊಂದು ಸ್ವತ್ತಿಗೂ ಈ ತೀರ್ಪಿನಲ್ಲಿ ಒಂದು ಐಟಂ ಸಂಖ್ಯೆ ಇತ್ತು. ಅದರ 4ನೇ ಪುಟ ಹೀಗೆ ಮುಗಿದಿತ್ತು: "ಐಟಂ ನಂ.5ರ ಜಮೀನನ್ನು ಸ್ವಂತ ದುಡಿಮೆಯ ಹಣದಿಂದ ಖರೀದಿ ಮಾಡಿದ್ದು, ಅದರಲ್ಲಿ ವಾದಿಗೆ ಯಾವುದೇ ಹಕ್ಕು ಇರುವುದಿಲ್ಲ". ಪುಟ ಅಲ್ಲಿಗೆ ಮುಗಿಯಿತು. ಈ ಒಂದು ಫೋಟೋ ಓದಿದವರು ಚಿಕ್ಕಮ್ಮನಿಗೆ ಐಟಂ 5ರಲ್ಲಿ ಪಾಲಿಲ್ಲ ಅಂತಲೇ ಬರೆದುಕೊಳ್ಳುತ್ತಾರೆ. ಆದರೆ ಮುಂದಿನ ಪುಟದ ಮೊದಲ ಪದಗಳು: "ಎಂಬುದಾಗಿ 1ನೇ ಪ್ರತಿವಾದಿಯು ತಮ್ಮ ಲಿಖಿತ ಹೇಳಿಕೆಯಲ್ಲಿ ತಿಳಿಸಿರುತ್ತಾರೆ." ಆ 'ಎಂಬುದಾಗಿ' ಒಂದೇ ಪದ ಇಡೀ ಪುಟದ ಅರ್ಥವನ್ನು ತಿರುಗಿಸುತ್ತದೆ. ಅದು ಬೇರೆ ಫೋಟೋದಲ್ಲಿತ್ತು. ಆ ಫೋಟೋಗೆ ಪುಟ ಸಂಖ್ಯೆಯೂ ಇರಲಿಲ್ಲ.

ಹಾಗಾಗಿ ಮೊದಲು ಜೋಡಣೆ, ಆಮೇಲೆ ಓದು.

ಶುರುವಿಗೆ ಫೈಲಿನ ಹೆಸರನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಫೋಟೋಗಳಿಗೆ ತಾನೇ ಹೊಸ ಹೆಸರು ಕೊಡುತ್ತದೆ. ಕೊನೆಯಲ್ಲಿ WA0031, WA0032 ಅಂತ ಏರುತ್ತಾ ಹೋಗುವ ಸಂಖ್ಯೆ ಇರುತ್ತದೆ. ನನಗೆ ಬಂದವು WA0031ರಿಂದ WA0056ರವರೆಗೆ ಇದ್ದವು. ನೋಡಿದರೆ ಅದೇ ಪುಟದ ಕ್ರಮ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಫೋಟೋಗಳು ನನ್ನ ಫೋನಿಗೆ ಸೇರಿದ ಲೆಕ್ಕ. ಪುಟದ ಲೆಕ್ಕ ಅಲ್ಲ. ಕಳಿಸುವವರು ಗ್ಯಾಲರಿಯಲ್ಲಿ ಯಾವುದನ್ನು ಮೊದಲು ಒತ್ತಿದರು, ಯಾವುದು ಬೇಗ ಬಂದು ತಲುಪಿತು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ಸಾಮಾನ್ಯ ಫೋಟೋ ಆಗಿ ಕಳಿಸಿದಾಗ ಅದನ್ನು ತೆಗೆದ ಹೊತ್ತಿನ ಮಾಹಿತಿಯೂ ಅಳಿಸಿ ಹೋಗುತ್ತದೆ. ಅದೇ ಫೋಟೋಗಳನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮೂಲ ಹೆಸರು ಉಳಿಯುತ್ತದೆ. ಎಷ್ಟೋ ಫೋನುಗಳಲ್ಲಿ ಆ ಹೆಸರಿನೊಳಗೇ ಗಂಟೆ, ನಿಮಿಷ, ಸೆಕೆಂಡು ಇರುತ್ತವೆ. ಕಳಿಸುವ ಮೊದಲೇ ನಿಮ್ಮನ್ನು ಕೇಳಿದರೆ ಹಾಗೆ ಕಳಿಸಲು ಹೇಳಿ. ಚಿತ್ರವೂ ಮಸುಕಾಗುವುದಿಲ್ಲ.

ನಾನು 26 ಫೋಟೋಗಳನ್ನೂ ಕಂಪ್ಯೂಟರಿನ ಒಂದು ಫೋಲ್ಡರಿಗೆ ಹಾಕಿದೆ. ಅದರ ಇನ್ನೊಂದು ಪ್ರತಿ ಮಾಡಿ ಮೂಲವನ್ನು ಮುಟ್ಟದೆ ಬಿಟ್ಟೆ. ಅಡ್ಡಾದವನ್ನು, ತಲೆಕೆಳಗಾದವನ್ನು ನೆಟ್ಟಗೆ ತಿರುಗಿಸಿದೆ. ಆಮೇಲೆ ಒಂದು ಕಾಗದ ತೆಗೆದುಕೊಂಡು ಪ್ರತಿ ಫೋಟೋಗೂ ಒಂದು ಸಾಲು ಬರೆದೆ. ಫೈಲಿನ ಕೊನೆಯ ಸಂಖ್ಯೆ, ಕಾಣುವ ಪುಟ ಸಂಖ್ಯೆ, ಮೇಲಿನ ಮೊದಲ ಮೂರು ಪದ, ಕೆಳಗಿನ ಕೊನೆಯ ಮೂರು ಪದ, ಆ ಪುಟದಲ್ಲಿ ಶುರುವಾಗುವ ಪ್ಯಾರಾ ಸಂಖ್ಯೆ. ಇಷ್ಟೇ. ಈ ಹಂತದಲ್ಲಿ ಒಳಗಿನ ವಿಷಯ ಓದಬಾರದು. ಓದಿದರೆ ಮನಸ್ಸು ಒಂದು ಕತೆ ಕಟ್ಟಿಕೊಳ್ಳುತ್ತದೆ, ಆಮೇಲೆ ಪುಟಗಳನ್ನು ಆ ಕತೆಗೆ ತಕ್ಕ ಹಾಗೆ ಜೋಡಿಸಲು ಹೋಗುತ್ತೇವೆ. ಅರ್ಧ ಗಂಟೆಯ ಕೆಲಸ. ಆದರೆ ಮುಂದಿನದ್ದೆಲ್ಲಾ ಈ ಕಾಗದದ ಮೇಲೇ ನಡೆಯುತ್ತದೆ.

ಕಾಗದ ಹೇಳಿದ್ದು ಇಷ್ಟು. 19 ಫೋಟೋಗಳಲ್ಲಿ ಪುಟ ಸಂಖ್ಯೆ ಸರಿಯಾಗಿ ಕಾಣುತ್ತಿತ್ತು. 7ರಲ್ಲಿ ಇರಲಿಲ್ಲ. ಕಂಡ ಸಂಖ್ಯೆಗಳು 2ರಿಂದ 22ರವರೆಗೆ ಹರಡಿದ್ದವು. 2, 3, 7 ಮತ್ತು 20 ಎರಡೆರಡು ಸಲ ಬಂದಿದ್ದವು. ಬಿಟ್ಟುಹೋದ ಜಾಗಗಳು 1, 5, 9, 12, 13, 17, 18. ಎಣಿಸಿದರೆ ಅವೂ ಏಳು.

ಏಳು ಖಾಲಿ ಜಾಗ, ಸಂಖ್ಯೆ ಇಲ್ಲದ ಏಳು ಫೋಟೋ. ಎರಡೆರಡು ಸಲ ಬಂದ ನಾಲ್ಕರಲ್ಲಿ ಒಂದೊಂದನ್ನು ಬಿಸಾಡಿದರೆ ಲೆಕ್ಕ ಸರಿಹೋಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. ಆದರೆ ಆ ಲೆಕ್ಕ ಎರಡು ಕಡೆ ತಪ್ಪಿತ್ತು. ಎರಡು ತಪ್ಪೂ ಸೇರಿ ಒಂದನ್ನೊಂದು ಮುಚ್ಚಿಹಾಕಿದ್ದವು.

ಮೊದಲು ಎರಡೆರಡು ಸಲ ಬಂದವನ್ನು ನೋಡೋಣ. ಪುಟ 7ರ ಎರಡೂ ಫೋಟೋಗಳ ಮೊದಲ ಮೂರು ಪದ ಒಂದೇ, ಕೊನೆಯ ಮೂರು ಪದವೂ ಒಂದೇ. ಒಂದರಲ್ಲಿ ಕೈ ಅಲುಗಿ ಅಕ್ಷರ ಮಸುಕಾಗಿದೆ, ಅದಕ್ಕೇ ಇನ್ನೊಂದು ತೆಗೆದಿದ್ದಾನೆ. ಪುಟ 20ರದ್ದೂ ಅದೇ ಕತೆ. ಇವು ನಿಜವಾದ ಜೋಡಿಗಳು. ಆದರೆ ಎರಡು '2'ಗಳ ಮೊದಲ ಪದಗಳು ಬೇರೆ ಬೇರೆ. ಒಂದರಲ್ಲಿ ವಾದಿಯ ಕುಟುಂಬದ ವಂಶವೃಕ್ಷ ಇತ್ತು. ಇನ್ನೊಂದರಲ್ಲಿ ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ ಇತ್ತು. ಎರಡನೇ '3'ರಲ್ಲಿ ಕೋರ್ಟ್ ಶುಲ್ಕ, ವಕೀಲರ ಶುಲ್ಕ, ಸಮನ್ಸ್ ಜಾರಿಯ ಖರ್ಚು ಅಂತ ದಾವೆ ವೆಚ್ಚದ ಕೋಷ್ಟಕ ಇತ್ತು. ಅದು ತೀರ್ಪಲ್ಲ, ಡಿಕ್ರಿ. ತೀರ್ಪು ಕಾರಣ ಹೇಳುವ ದಾಖಲೆ. ಡಿಕ್ರಿ ಆ ತೀರ್ಪಿನ ಫಲವನ್ನು ಮಾತ್ರ ಹೇಳುವ ಬೇರೆ ದಾಖಲೆ. ನಕಲು ತೆಗೆಸಿದಾಗ ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಕೊಡುವುದುಂಟು. ಡಿಕ್ರಿಗೆ ಅದರದ್ದೇ ಪುಟ ಸಂಖ್ಯೆ, ಮತ್ತೆ ಒಂದರಿಂದ ಶುರು.

ಸಂಖ್ಯೆ ಒಂದೇ ಅಂತ ಆ ಎರಡನ್ನು ಬಿಸಾಡಿದ್ದರೆ ಜಮೀನಿನ ಗಡಿ ಬರೆದ ಪುಟವೇ ಹೋಗುತ್ತಿತ್ತು. ಅದಕ್ಕೇ ಸಂಖ್ಯೆ ಒಂದಾದರೆ ಸಾಲದು, ಮೊದಲ ಸಾಲು ಮತ್ತು ಕೊನೆಯ ಸಾಲು ಎರಡೂ ಒಂದಾದರೆ ಮಾತ್ರ ಅದು ಜೋಡಿ. ಉದ್ದದ ಕಾಗದಪತ್ರಗಳಲ್ಲಿ ಇಂಥ ಎರಡು ಸಂಖ್ಯಾಸಾಲು ತುಂಬಾ ಸಾಮಾನ್ಯ. ಹಳೆಯ ಕ್ರಯಪತ್ರಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸಂಖ್ಯೆ ಇರುವುದು ಪುಟಕ್ಕಲ್ಲ, ಹಾಳೆಗೆ. ಮೊದಲ ಹಾಳೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ನೋಂದಣಿ ಕಚೇರಿಯ ಷರಾ, ಹೆಬ್ಬೆಟ್ಟು, ಮೊಹರು ಇರುತ್ತವೆ. ಮುಂಬದಿಯಲ್ಲಿ ಅರ್ಧಕ್ಕೆ ನಿಂತ ವಾಕ್ಯ ಅದನ್ನು ದಾಟಿ ಎರಡನೇ ಹಾಳೆಯಲ್ಲಿ ಮುಂದುವರಿಯುತ್ತದೆ. ಕನ್ನಡ ಅಂಕಿಯಲ್ಲಿ ಕೈಬರಹದ ಸಂಖ್ಯೆ ಇದ್ದರೆ ೬ ಮತ್ತು ೯ನ್ನು ದೊಡ್ಡದು ಮಾಡಿ ನೋಡಿ. ಬಾಲ ಯಾವ ಕಡೆಗಿದೆ ಅನ್ನುವುದಷ್ಟೇ ವ್ಯತ್ಯಾಸ, ಮಸುಕು ಫೋಟೋದಲ್ಲಿ ಅದು ಕಾಣುವುದಿಲ್ಲ.

ಈಗ ಸಂಖ್ಯೆ ಇಲ್ಲದ ಏಳು. ಅದರಲ್ಲಿ ಎರಡು ಫೋಟೋಗಳ ಮೇಲ್ಭಾಗದಲ್ಲಿ ಕೋರ್ಟಿನ ಹೆಸರು, ದಾವೆ ಸಂಖ್ಯೆ, ವಾದಿ-ಪ್ರತಿವಾದಿ ಇದ್ದವು. ಮೊದಲ ಪುಟದ ಎರಡು ಫೋಟೋ ಅಂದುಕೊಳ್ಳುವಷ್ಟು ಒಂದೇ ಥರ. ಕೆಳಗೆ ಹೋದರೆ ಒಂದರಲ್ಲಿ ದಾವೆ ಹೂಡಿದ ದಿನ, ಸಾಕ್ಷಿ ವಿಚಾರಣೆ ಶುರುವಾದ ದಿನ, ತೀರ್ಪು ಹೇಳಿದ ದಿನ, ಒಟ್ಟು ಎಷ್ಟು ವರ್ಷ-ತಿಂಗಳು-ದಿನ ಎಂಬ ಕೋಷ್ಟಕ. ಅದು ತೀರ್ಪಿನ ಪುಟ 1. ಇನ್ನೊಂದರಲ್ಲಿ ಪಕ್ಷಗಾರರ ಹೆಸರಿನ ಕೆಳಗೆ 'ಡಿಕ್ರಿ' ಎಂಬ ಪದ. ಅದು ಡಿಕ್ರಿಯ ಮೊದಲ ಪುಟ.

ಉಳಿದದ್ದು ಐದು ಫೋಟೋ. ಖಾಲಿ ಜಾಗ ಆರು: 5, 9, 12, 13, 17, 18. ಒಂದು ಪುಟ ಬಂದೇ ಇಲ್ಲ. ಯಾವುದು ಅಂತ ಕಂಡುಹಿಡಿಯಲು ಪುಟಗಳ ಬೆಸುಗೆ ನೋಡಬೇಕು.

ಬೆಸುಗೆ ಅಂದರೆ ಒಂದು ಪುಟದ ಕೊನೆಯ ಪದಗಳು ಮುಂದಿನದರ ಮೊದಲ ಪದಗಳಿಗೆ ಹೊಂದುವುದು. ಇದಕ್ಕೆ ಕನ್ನಡ ತುಂಬಾ ಒಳ್ಳೆಯ ಸಹಾಯ ಮಾಡುತ್ತದೆ. ವಾಕ್ಯದ ಕೊನೆಗೆ ಸಾಮಾನ್ಯವಾಗಿ ಕ್ರಿಯಾಪದ ಬರುತ್ತದೆ. ಹಾಗಾಗಿ ಒಂದು ಪುಟ 'ಜಮೀನನ್ನು' ಅಂತ ನಿಂತರೆ, ಆ ಜಮೀನನ್ನು ಯಾರೋ ಏನೋ ಮಾಡಬೇಕು. ಮುಂದಿನ ಪುಟದಲ್ಲಿ 'ಮಾರಾಟ ಮಾಡಿ'ಯೋ 'ಅನುಭವಿಸುತ್ತಾ'ವೋ ಇರಲೇಬೇಕು. ಕರ್ತೃ 'ವಾದಿಯು' ಆಗಿದ್ದರೆ ಕ್ರಿಯಾಪದ ಅದಕ್ಕೆ ಹೊಂದಬೇಕು. 'ಪ್ರತಿವಾದಿಗಳು' ಅಂತ ಶುರುವಾದ ವಾಕ್ಯ 'ತಿಳಿಸಿರುತ್ತಾನೆ' ಅಂತ ಮುಗಿಯುವುದಿಲ್ಲ. ಪದವೇ ಎರಡಾಗಿ ಒಡೆದಿದ್ದರೆ ಇನ್ನೂ ಒಳ್ಳೆಯದು. ಒಂದು ಪುಟ 'ರುಜುವಾತು' ಅಂತ ನಿಂತು ಇನ್ನೊಂದು 'ಪಡಿಸಿರುವುದಿಲ್ಲ' ಅಂತ ಶುರುವಾದರೆ ಅನುಮಾನಕ್ಕೆ ಜಾಗವೇ ಇಲ್ಲ.

ಬರೆದಿಟ್ಟ ಪದಗಳನ್ನು ಗಟ್ಟಿಯಾಗಿ ಓದಿ ನೋಡಿದೆ. 4ರ ಕೊನೆ 'ಹಕ್ಕು ಇರುವುದಿಲ್ಲ', ಒಂದು ಫೋಟೋದ ಶುರು 'ಎಂಬುದಾಗಿ 1ನೇ ಪ್ರತಿವಾದಿಯು'. ಅದೇ 5. ಪುಟ 8ರ ಕೊನೆಗೂ ಹೀಗೇ ಒಂದು ಫೋಟೋ ಸುಲಭವಾಗಿ ಹೊಂದಿತು, ಅದು 9. ಎರಡೂ ಕಡೆ ನಾನು ಇನ್ನೊಂದು ಬದಿಯ ಬೆಸುಗೆಯನ್ನೂ ನೋಡಿದೆ: 5ರ ಕೊನೆ 6ರ ಶುರುವಿಗೆ ಹೊಂದುತ್ತದೆಯೇ, 9ರ ಕೊನೆ 10ಕ್ಕೆ ಹೊಂದುತ್ತದೆಯೇ ಅಂತ. ಒಂದೇ ಬದಿ ನೋಡಿ ಬಿಟ್ಟರೆ ಮೋಸ ಹೋಗಬಹುದು. ಯಾಕೆಂದರೆ ಕೋರ್ಟಿನ ಭಾಷೆಯಲ್ಲಿ 'ಎಂಬುದಾಗಿ', 'ಆದ್ದರಿಂದ', 'ಸದರಿ' ಅಂತ ಶುರುವಾಗುವ ಪುಟ ಒಂದಕ್ಕಿಂತ ಜಾಸ್ತಿ ಇರಬಹುದು.

12 ಮತ್ತು 13 ಒತ್ತಿಗೆ ಖಾಲಿ ಇದ್ದುದರಿಂದ ಸ್ವಲ್ಪ ಕಷ್ಟವಾಯಿತು. ಪುಟ 11 ಸರಿಯಾಗಿ ಪೂರ್ಣವಿರಾಮದಲ್ಲಿ ಮುಗಿದಿತ್ತು. ಪೂರ್ಣವಿರಾಮದಲ್ಲಿ ಮುಗಿದ ಪುಟಕ್ಕೆ ವಾಕ್ಯದ ಬೆಸುಗೆ ಇರುವುದಿಲ್ಲ, ಯಾವ ಪುಟವಾದರೂ ಅದರ ಮುಂದೆ ಕೂರಬಹುದು. ಅಲ್ಲಿ ಕೈ ಹಿಡಿದದ್ದು ಪ್ಯಾರಾ ಸಂಖ್ಯೆ. ತೀರ್ಪಿನಲ್ಲಿ ಪ್ಯಾರಾಗಳಿಗೆ ಮೊದಲಿಂದ ಕೊನೆವರೆಗೆ ಒಂದೇ ಸಾಲಿನ ಸಂಖ್ಯೆ ಇರುತ್ತದೆ. 11ರಲ್ಲಿ ಕೊನೆಯದು ಪ್ಯಾರಾ 18. ಒಂದು ಫೋಟೋ ಪ್ಯಾರಾ 19ರಿಂದ ಶುರುವಾಗಿ 20ರ ನಡುವೆ ನಿಂತಿತ್ತು. ಇನ್ನೊಂದು ವಾಕ್ಯದ ನಡುವಿನಿಂದ ಶುರುವಾಗಿ ಕೆಳಗೆ ಪ್ಯಾರಾ 21 ಇತ್ತು. ಪುಟ 14ರಲ್ಲಿ ಹೊಸದಾಗಿ ಶುರುವಾಗುವುದು 22. ಅಲ್ಲಿಗೆ ಎರಡೂ ತಮ್ಮ ಜಾಗಕ್ಕೆ ಬಂದವು. ಪ್ಯಾರಾ ಸಂಖ್ಯೆ ಇಲ್ಲದ ಕಾಗದಗಳಲ್ಲಿ ದಾಖಲೆಗಳ ಗುರುತು ಸ್ವಲ್ಪ ನೆರವಾಗುತ್ತದೆ. ವಾದಿಯ ಕಡೆಯ ಮೊದಲ ಸಾಕ್ಷಿಯಾದ ಪಿ.ಡಬ್ಲ್ಯೂ.1 ಸಾಕ್ಷಿ ಹೇಳುವಾಗ ವಾದಿಯ ದಾಖಲೆಗಳು ನಿ.ಪಿ.1, ನಿ.ಪಿ.2 ಅಂತ ಏರಿಕೆಯಲ್ಲೇ ಗುರುತಾಗುತ್ತವೆ. ಆದರೆ ತೀರ್ಮಾನದ ಭಾಗದಲ್ಲಿ ಕೋರ್ಟು ಅವನ್ನು ಹಿಂದೆ ಮುಂದೆ ಎತ್ತಿಕೊಳ್ಳುತ್ತದೆ. ಅಲ್ಲಿ ಆ ಗುರುತನ್ನು ನಂಬಲಾಗದು.

ಕೊನೆಗೆ ಉಳಿದದ್ದು ಒಂದು ಫೋಟೋ, ಎರಡು ಜಾಗ: 17 ಮತ್ತು 18.

ಪುಟ 16 ಹೀಗೆ ಮುಗಿದಿತ್ತು: "ಐಟಂ ನಂ.3ರ ಸ್ವತ್ತನ್ನು ವಾದಿಯ ತಂದೆಯು ತಮ್ಮ ಜೀವಿತಕಾಲದಲ್ಲಿ". ಉಳಿದ ಫೋಟೋದ ಶುರು: "ವಾದಿಯ ಹಕ್ಕು ಐಟಂ ನಂ.3ಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ವಿವಾದಾಂಶ 3ನ್ನು ನಕಾರಾತ್ಮಕವಾಗಿ". ಬೇಗ ಓದಿದರೆ ಹೊಂದಿದ ಹಾಗೇ ಕಾಣುತ್ತದೆ. ಎರಡೂ ಕಡೆ ಐಟಂ 3ರ ಮಾತು. ವಿಷಯ ಒಂದೇ. ಆದರೆ 'ತಂದೆಯು' ಎಂಬ ಕರ್ತೃ ಏನು ಮಾಡಿದರು? 'ಸ್ವತ್ತನ್ನು' ಏನು ಮಾಡಲಾಯಿತು? ಆ ಕ್ರಿಯಾಪದ ಬರಲೇ ಇಲ್ಲ. ಪ್ಯಾರಾ ಸಂಖ್ಯೆಯೂ ಇದನ್ನೇ ಹೇಳಿತು. 16ರಲ್ಲಿ ಕೊನೆಯದು 25, ಈ ಫೋಟೋದಲ್ಲಿ ಮೊದಲು ಕಾಣುವುದು 27. ಪ್ಯಾರಾ 26ರ ಶುರು ಎಲ್ಲೂ ಇಲ್ಲ. ಇನ್ನೊಂದು ಬದಿ ನೋಡಿದರೆ ಈ ಫೋಟೋದ ಕೊನೆ ಪುಟ 19ಕ್ಕೆ ಪದಕ್ಕೆ ಪದ ಹೊಂದಿತು. ಹಾಗಾದರೆ ಇದು 18. ಬಾರದೆ ಉಳಿದದ್ದು 17. ಎರಡು ಹಾಳೆ ಒಟ್ಟಿಗೆ ಮಗುಚಿ ಹೋದಾಗ ಹೀಗಾಗುತ್ತದೆ.

ವಿಷಯ ಹೊಂದಿತು ಅಂತ ಪುಟ ಹೊಂದಿತು ಅಂದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಅಂತ ನನಗನ್ನಿಸುತ್ತದೆ. ಒಂದೇ ವಿವಾದಾಂಶದ ಚರ್ಚೆ ಮೂರು-ನಾಲ್ಕು ಪುಟ ನಡೆಯುತ್ತದೆ. ನಡುವಿನ ಒಂದು ಪುಟ ಕಳೆದುಹೋದರೂ ವಿಷಯ ಮುಂದುವರಿದ ಹಾಗೇ ಇರುತ್ತದೆ. ವಾಕ್ಯ ಮಾತ್ರ ಸುಳ್ಳು ಹೇಳುವುದಿಲ್ಲ.

ತಮ್ಮನಿಗೆ ಬರೆದೆ: "ಪುಟ 17 ಬಂದಿಲ್ಲ. 16 ಮತ್ತು 18ರ ನಡುವೆ ನೋಡು. ಮೇಲಿನ ಸಂಖ್ಯೆ ಕಾಣೋ ಹಾಗೆ ತೆಗಿ." ಕಾಯುವ ಹೊತ್ತಿನಲ್ಲಿ ಫೈಲುಗಳಿಗೆ ಹೊಸ ಹೆಸರು ಕೊಟ್ಟೆ. ತೀರ್ಪಿಗೆ T, ಡಿಕ್ರಿಗೆ D. ಹಳೆಯ ಸಂಖ್ಯೆಯನ್ನು ಬಾಲಕ್ಕೆ ಉಳಿಸಿಕೊಂಡೆ, ಆಮೇಲೆ ಅನುಮಾನ ಬಂದರೆ ಮೂಲ ಫೋಟೋಗೆ ಹೋಗಲು.

```
T01_WA0047.jpg
T02_WA0039.jpg
T03_WA0032.jpg
...
T16_WA0050.jpg
T18_WA0035.jpg
...
D01_WA0044.jpg
```

1ರ ಬದಲು 01 ಅಂತ ಬರೆಯುವುದು ಮುಖ್ಯ. ಇಲ್ಲದಿದ್ದರೆ ಕೆಲವು ಆ್ಯಪುಗಳು ಅಕ್ಷರದ ಲೆಕ್ಕದಲ್ಲಿ ಜೋಡಿಸಿ 10, 11 ಇಂಥವನ್ನು 2ಕ್ಕಿಂತ ಮೊದಲೇ ತರುತ್ತವೆ. ಪಟ್ಟ ಕಷ್ಟ ಎಲ್ಲಾ ಪಿಡಿಎಫ್ ಮಾಡುವಾಗ ಹಾಳಾಗುತ್ತದೆ. T17ರ ಜಾಗವನ್ನು ಖಾಲಿ ಬಿಟ್ಟೆ. 18ನ್ನು 17 ಮಾಡಿ ಸಾಲು ತುಂಬಿಸಬಾರದು.

ಸಂಜೆ ಪುಟ 17 ಬಂತು. ತಂದೆಯವರು ಐಟಂ 3ನ್ನು 1998ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಮಾರಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆದ ಮಾರಾಟಗಳನ್ನು ಅದು ಮುಟ್ಟುವುದಿಲ್ಲ. ಐಟಂ 3 ಕೈಬಿಟ್ಟುಹೋದ ಕಾರಣ ಆ ಒಂದು ಪುಟದಲ್ಲಿ ಮಾತ್ರ ಇತ್ತು. ಅದಿಲ್ಲದೆ ಬರೆದಿದ್ದರೆ 'ಐಟಂ 3ರಲ್ಲಿ ಪಾಲಿಲ್ಲ' ಅಂತಷ್ಟೇ ಬರೆಯಬಹುದಿತ್ತು. ಚಿಕ್ಕಮ್ಮ ಯಾಕೆ ಅಂತ ಕೇಳಿದರೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ.

ಆಮೇಲೆ ಮೊದಲಿಂದ ಕೊನೆವರೆಗೆ ಒಂದೇ ಸಲ ಓದಿದೆ. ಓದುವಾಗ ಪ್ರತಿ ಪುಟಕ್ಕೂ 'ವಾ', 'ಪ್ರ', 'ಸಾ', 'ಕೋ' ಅಂತ ಗುರುತು ಹಾಕಿಕೊಂಡೆ. ವಾದಿ, ಪ್ರತಿವಾದಿ, ಸಾಕ್ಷಿ, ಕೋರ್ಟು. ಸಾರಾಂಶದ ಫಲಿತಾಂಶದ ಸಾಲುಗಳನ್ನು 'ಕೋ' ಗುರುತಿನ ಪುಟಗಳಿಂದ ಮಾತ್ರ ತೆಗೆದೆ. ಪ್ರತಿ ಸಾಲಿನ ಮುಂದೆ ಪುಟ ಸಂಖ್ಯೆ ಹಾಕಿದೆ, ವಕೀಲರಿಗೆ ತೋರಿಸಿದರೆ ಅವರು ನೇರ ಅಲ್ಲಿಗೇ ಹೋಗಬಹುದು ಅಂತ. ಹೀಗೆ ಬಂತು: ಐಟಂ 1, 2, 4ರಲ್ಲಿ ನಾಲ್ಕನೇ ಒಂದು ಪಾಲು ಇದೆ (ಪುಟ 21). ಐಟಂ 5 ತನ್ನ ಸ್ವಂತ ದುಡಿಮೆಯದ್ದು ಅಂತ 1ನೇ ಪ್ರತಿವಾದಿಯಾದ ಅಣ್ಣ ಹೇಳಿದ್ದರು (ಪುಟ 4-5), ಆದರೆ ಅದಕ್ಕೆ ಆಧಾರ ತೋರಿಸಲಿಲ್ಲ (ಪುಟ 15), ಹಾಗಾಗಿ ಅದರಲ್ಲೂ ಅಷ್ಟೇ ಪಾಲು (ಪುಟ 21). ಐಟಂ 3ರಲ್ಲಿ ಇಲ್ಲ, 1998ರಲ್ಲೇ ಮಾರಾಟವಾಗಿದೆ (ಪುಟ 17-18). ಇದು ಪ್ರಾಥಮಿಕ ಡಿಕ್ರಿ, ಅಂದರೆ ಪಾಲು ಎಷ್ಟು ಅಂತ ಆಗಿದೆ, ಯಾವ ತುಂಡು ಯಾರಿಗೆ ಅನ್ನುವುದು ಇನ್ನೂ ಆಗಿಲ್ಲ (ಡಿಕ್ರಿ ಪುಟ 1).

ಬರೆದು ಮುಗಿಸಿ ಪುಟ 22 ಮತ್ತೆ ನೋಡಿದಾಗ ಒಂದು ವಿಷಯ ಹೊಳೆಯಿತು. ಅದರಲ್ಲಿ ಸಾಕ್ಷಿ-ದಾಖಲೆ ಪಟ್ಟಿ ಇತ್ತು, ನಕಲು ಶಾಖೆಯ ಮೊಹರು ಇರಲಿಲ್ಲ. ನಕಲಿಗೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಆ ಮೊಹರಿನಲ್ಲಿ ಇರುತ್ತವೆ. ಮೇಲ್ಮನವಿಗೆ ಹೈಕೋರ್ಟಾದರೆ 90 ದಿನ, ಉಳಿದ ಮೇಲಿನ ಕೋರ್ಟಾದರೆ 30 ದಿನ. ನಕಲಿಗೆ ಹಿಡಿದ ಸಮಯವನ್ನು ಆ ದಿನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆ ದಿನಾಂಕ ಗೊತ್ತಿಲ್ಲದೆ ಚಿಕ್ಕಮ್ಮನಿಗೆ ಎಷ್ಟು ದಿನ ಉಳಿದಿದೆ ಅಂತ ಹೇಳಲಾಗದು. ತಮ್ಮನಿಗೆ ಮತ್ತೆ ಬರೆದೆ, ತೀರ್ಪಿನ ಕೊನೆಯ ಹಾಳೆ ತಿರುಗಿಸಿ ಹಿಂಬದಿಯ ಫೋಟೋ ಕಳಿಸು ಅಂತ. ಐದು ನಿಮಿಷದಲ್ಲಿ ಬಂತು, ಮೊಹರು ಅಲ್ಲೇ ಇತ್ತು. ಅದಕ್ಕೆ T22B ಅಂತ ಹೆಸರಿಟ್ಟು, ಮೂರು ದಿನಾಂಕವನ್ನೂ ಸಾರಾಂಶದ ಮೇಲ್ತುದಿಯಲ್ಲೇ ಬರೆದು ಕಳಿಸಿದೆ.